ಅಜ್ಜನ ಚಿತ್ರ ಅಜ್ಜನ ಹಾಗೇ ಕಾಣಬೇಕು ಅಂದ್ರೆ

"ಅಜ್ಜ ನಮ್ಮ ಕೊಡವರ ಕುಪ್ಯ ಹಾಕಿ ಐನ್‌ಮನೆ ಮುಂದೆ ನಿಂತಿರುವ ಫೋಟೊ ಇದೆ. ನಮ್ಮ ಕಂಪ್ಯೂಟರ್‌ನಲ್ಲೇ ಚಿತ್ರ ಬರೆಯುವ ಎಐ ಸ್ಟೇಬಲ್ ಡಿಫ್ಯೂಷನ್ ಹಾಕಿಕೊಂಡು img2imgನಲ್ಲಿ ಎಣ್ಣೆ ಬಣ್ಣದ ಚಿತ್ರದ ಥರ ಮಾಡಿದೆ. ಚಿತ್ರ ಚೆಂದ ಬಂತು, ಆದರೆ ಅಜ್ಜಿ ನೋಡಿ 'ಇದು ಯಾರು?' ಅಂದರು. Denoising strength 0.75 ಇತ್ತು. ಮುಖ ಅದೇ ಉಳಿಯಬೇಕು ಅಂದ್ರೆ ಏನು ಮಾಡೋದು? ತಮ್ಮನಿಗೆ ಕಾಮಿಕ್ ಥರದ್ದೂ ಒಂದು ಬೇಕಂತೆ."

ಅಕ್ಕ, ನೀವು ಹಾಕಿದ ಎರಡೂ ಚಿತ್ರ ಪಕ್ಕಪಕ್ಕ ಇಟ್ಟು ದೊಡ್ಡದು ಮಾಡಿ ನೋಡಿದೆ. ಫೋಟೊದಲ್ಲಿ ಅಜ್ಜನ ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿದಿದೆ. ಮೀಸೆ ಬಲಗಡೆ ದಪ್ಪ, ಎಡಗಡೆ ತೆಳು. ಕೆಳತುಟಿ ಒಳಗೆ ಹೋಗಿದೆ, ಹಲ್ಲು ಬಿದ್ದವರಿಗೆ ಹೋಗುತ್ತದಲ್ವಾ, ಹಾಗೆ. ಚಿತ್ರದಲ್ಲಿ ಎರಡು ಕಣ್ಣೂ ಒಂದೇ ಅಳತೆ, ಮೀಸೆ ಎರಡೂ ಕಡೆ ಸಮ, ತುಟಿ ತುಂಬಿಕೊಂಡಿದೆ. ಅಜ್ಜಿ ಅಷ್ಟು ವರ್ಷ ನೋಡಿದ್ದು ಆ ಇಳಿದ ರೆಪ್ಪೆಯನ್ನೇ. ಅದು ಹೋದ ಮೇಲೆ ಅವರಿಗೆ ಗುರುತು ಸಿಗಲು ಏನೂ ಉಳಿದಿಲ್ಲ.

ಮೇಲೆ ಒಬ್ಬರು ಅಣ್ಣ "0.2ಕ್ಕೆ ಇಳಿಸಿ, ಮುಗೀತು" ಅಂತ ಬರೆದಿದ್ದಾರೆ. ಅರ್ಧ ಸರಿ. Denoising strength ಅಂದರೆ ಮಾಡೆಲ್ ಫೋಟೊವನ್ನು ಎಷ್ಟು ಬದಲಿಸಬಹುದು ಅನ್ನುವ ಅಳತೆ, ಜಾಸ್ತಿಯಾದಷ್ಟೂ ಮೂಲದಿಂದ ದೂರ. 0.2ರಲ್ಲಿ ಮುಖ ಖಂಡಿತ ಉಳಿಯುತ್ತದೆ, ಆದರೆ ಚಿತ್ರ ಆಗುವುದಿಲ್ಲ. ಫೋಟೊಗೆ ಸ್ವಲ್ಪ ಬಣ್ಣ ಮೆತ್ತಿದ ಹಾಗೆ ಕಾಣುತ್ತದೆ, ಕೆನ್ನೆಯ ಮೇಲೆ ಕೊಳೆ ಇದ್ದ ಹಾಗೆ. ಕುಂಚದ ಗೆರೆ ಕಾಣಬೇಕಾದರೆ 0.45, 0.5ರ ತನಕ ಹೋಗಲೇಬೇಕು. ಮುಖ ಉಳಿಯಬೇಕಾದರೆ 0.35 ದಾಟಬಾರದು. ಎರಡನ್ನೂ ಒಂದೇ ಸಲದಲ್ಲಿ ಮಾಡಲು ಹೋದರೆ ಯಾವುದೂ ಸಿಗುವುದಿಲ್ಲ. ಇಡೀ ಚಿತ್ರ ಒಂದು ಸಲ, ಮುಖ ಮಾತ್ರ ಇನ್ನೊಂದು ಸಲ ಮಾಡಬೇಕು.

ಅದಕ್ಕೂ ಮೊದಲು ಒಂದು ವಿಷಯ. ನಿಮ್ಮ ಫೋಟೊದಲ್ಲಿ ಅಜ್ಜ ತಲೆಯಿಂದ ಕಾಲಿನ ತನಕ ಇದ್ದಾರೆ. ಈ ಮಾಡೆಲ್‌ಗಳು ಫೋಟೊವನ್ನು ಇದ್ದ ಹಾಗೇ ನೋಡುವುದಿಲ್ಲ. ಎಂಟು ಪಿಕ್ಸೆಲ್ ಅಗಲ, ಎಂಟು ಪಿಕ್ಸೆಲ್ ಎತ್ತರದ ತುಂಡನ್ನು ಒಂದೇ ಚೌಕಕ್ಕೆ ಕುಗ್ಗಿಸಿಕೊಂಡು ಕೆಲಸ ಮಾಡುತ್ತವೆ. ಇಡೀ ಆಳನ್ನು 1152 ಎತ್ತರದ ಚಿತ್ರದಲ್ಲಿ ಕೂರಿಸಿದರೆ ತಲೆಗೆ ಸಿಗುವುದು ಸುಮಾರು 120 ಪಿಕ್ಸೆಲ್. ಅದರಲ್ಲಿ ಒಂದು ಕಣ್ಣಿನ ಅಗಲಕ್ಕೆ ಎರಡೇ ಚೌಕ. ಎರಡು ಚೌಕದಲ್ಲಿ ಇಳಿದ ರೆಪ್ಪೆ ಎಲ್ಲಿ ಹಿಡಿಸುತ್ತದೆ? ಅಷ್ಟರಲ್ಲಿ ಅದು ತನಗೆ ಗೊತ್ತಿರುವ ಯಾವುದೋ ಕಣ್ಣನ್ನು ಬರೆದುಬಿಡುತ್ತದೆ. ಆದ್ದರಿಂದ ಎದೆಯ ತನಕ ಕತ್ತರಿಸಿ. ಆಗ ಅದೇ ತಲೆಗೆ 400 ಪಿಕ್ಸೆಲ್ ಸಿಗುತ್ತದೆ, ಕಣ್ಣಿಗೆ ಏಳು ಚೌಕ. ಬೇರೇನೂ ಬದಲಿಸದೆ ಇದೊಂದನ್ನೇ ಮಾಡಿದರೂ ವ್ಯತ್ಯಾಸ ಕಾಣುತ್ತದೆ.

ಕಳೆದ ಪುತ್ತರಿಗೆ ತೆಗೆದ ನಮ್ಮ ದೊಡ್ಡಪ್ಪನ ಫೋಟೊದಲ್ಲಿ ನಾನು ಮಾಡಿದ್ದು ಹೇಳುತ್ತೇನೆ, ಅಲ್ಲೂ ಇದೇ ತೊಂದರೆ ಇತ್ತು. ಮಾಡೆಲ್ ಎಸ್‌ಡಿಎಕ್ಸ್‌ಎಲ್ ಜಾತಿಯದ್ದು, ಅಳತೆ 896x1152. ಮೊದಲ ಸುತ್ತಿನಲ್ಲಿ Denoising strength 0.5 ಇಟ್ಟೆ, ಜೊತೆಗೆ ಕಂಟ್ರೋಲ್‌ನೆಟ್‌ನಲ್ಲಿ lineart, ಅದರ Control Weight 0.7. ಇದು ಫೋಟೊದ ಅಂಚುಗಳನ್ನು ಗೆರೆಯಾಗಿ ತೆಗೆದು, ಅದರ ಮೇಲೇ ಬಣ್ಣ ಹಚ್ಚುವ ಹಾಗೆ ಮಾಡೆಲ್ಲನ್ನು ಹಿಡಿದಿಡುತ್ತದೆ. ಇದಿಲ್ಲದಿದ್ದರೆ 0.5ರಲ್ಲಿ ತಲೆಯೇ ಅರ್ಧ ಇಂಚು ಸರಿದುಹೋಗುತ್ತದೆ, ಆಮೇಲೆ ಎರಡನೇ ಸುತ್ತು ಕಷ್ಟ. ಬರೆದ ಮಾತು ಇಷ್ಟೇ:

```
oil painting, portrait of a 75 year old man, deep wrinkles,
white moustache, flat turban, black coat, visible brush strokes
```

ವಯಸ್ಸು ಬರೆಯುವುದನ್ನು ಮರೆಯಬೇಡಿ. ಬರೆಯದಿದ್ದರೆ ಹತ್ತು ಹದಿನೈದು ವರ್ಷ ಇಳಿಸಿಬಿಡುತ್ತದೆ. handsome, beautiful, masterpiece ಅಂತ ಹಾಕಲೇಬೇಡಿ, ಆ ಮಾತು ಮುಖದ ಮೇಲೇ ಕೆಲಸ ಮಾಡುತ್ತದೆ. ನಿಮ್ಮ ಸ್ಕ್ರೀನ್‌ಶಾಟ್‌ನಲ್ಲಿ ಆ ಮೂರೂ ಇವೆ. ಬಣ್ಣವೂ ಹಾಗೇ. ಅಜ್ಜನ ಬಣ್ಣಕ್ಕಿಂತ ಚಿತ್ರ ಬೆಳ್ಳಗೆ ಬಂದರೆ dark brown skin ಅಂತ ಸೇರಿಸಿ.

ಎರಡನೇ ಸುತ್ತು ಮುಖದ್ದು. ನಿಜವಾದ ಕೆಲಸ ಇಲ್ಲೇ ಇರುವುದು, ಇದಕ್ಕೆ ಸಮಯ ಕೊಡಿ. ಮೊದಲ ಸುತ್ತಿನ ಚಿತ್ರವನ್ನು ಗಿಂಪ್‌ನಲ್ಲಿ ತೆರೆದು, ಮೂಲ ಫೋಟೊವನ್ನು ಅದೇ ಅಳತೆಗೆ ತಂದು ಮೇಲಿನ ಲೇಯರ್ ಆಗಿ ಇಟ್ಟೆ. ಕಣ್ಣಿನ ಎರಡು ಮೂಲೆ, ಮೂಗಿನ ತುದಿ, ತುಟಿಯ ಗೆರೆ, ಇಷ್ಟು ಸರಿಯಾಗಿ ಒಂದರ ಮೇಲೊಂದು ಕೂರುವ ತನಕ ಸರಿಸಿದೆ. ಲೇಯರ್ ಮಾಸ್ಕ್ ಹಾಕಿ ಮುಖ ಬಿಟ್ಟು ಉಳಿದ ಫೋಟೊ ಮರೆಮಾಡಿ, ಮಾಸ್ಕ್‌ನ ಅಂಚು ಮೃದು ಮಾಡಿ, ಲೇಯರ್‌ನ Opacity 55ಕ್ಕೆ ಇಳಿಸಿದೆ. ಈಗ ಮುಖ ಅರ್ಧ ಫೋಟೊ, ಅರ್ಧ ಚಿತ್ರ. ನೋಡಲು ಚೆನ್ನಾಗಿರುವುದಿಲ್ಲ, ಪರವಾಗಿಲ್ಲ. ಅದನ್ನು ಉಳಿಸಿಕೊಂಡು Inpaintಗೆ ಹೋಗಿ, ಮುಖಕ್ಕೆ ಮಾತ್ರ ಮಾಸ್ಕ್ ಬಳಿದು, Inpaint area ಅನ್ನುವಲ್ಲಿ Only masked ಆರಿಸಿ, ಅಳತೆ 1024x1024 ಇಟ್ಟು 0.3ರಲ್ಲಿ ಓಡಿಸಿದೆ. Only masked ಅಂದರೆ ಮುಖದ ತುಂಡನ್ನು ಮಾತ್ರ ದೊಡ್ಡದು ಮಾಡಿ ಬರೆದು ಮತ್ತೆ ಜಾಗಕ್ಕೆ ಕೂರಿಸುತ್ತದೆ. ಕಣ್ಣಿಗೆ ಇನ್ನೂ ಜಾಸ್ತಿ ಚೌಕ ಸಿಗುತ್ತದೆ. ಮುಖ ಆಗಲೇ ಅರ್ಧ ಚಿತ್ರ ಆಗಿರುವುದರಿಂದ ಫೋಟೊದ ಚರ್ಮ ಹೋಗಿ ಕುಂಚದ ಗೆರೆ ಬರಲು 0.3 ಸಾಕು, ಮುಖ ಬದಲಾಯಿಸಲು ಸಾಲದು.

ಆ 0.3 ನಿಮ್ಮ ಫೋಟೊಗೂ ಅದೇ ಆಗಬೇಕೆಂದಿಲ್ಲ. ಚಿತ್ರ ಶುರುವಾಗುವ Seed ಸಂಖ್ಯೆ ಬದಲಿಸದೆ 0.25ರಿಂದ 0.45ರ ತನಕ ಐದು ಚಿತ್ರ ತೆಗೆದು ಸಾಲಾಗಿ ಇಟ್ಟು ನೋಡಿ. ದೊಡ್ಡಪ್ಪನ ಹುಬ್ಬಿನ ಮೇಲೆ ಹಳೆಯ ಗಾಯದ ಕಲೆ ಒಂದಿದೆ, ಹುಬ್ಬು ಅಲ್ಲಿ ತುಂಡಾಗಿದೆ. 0.35ರ ತನಕ ಆ ತುಂಡು ಇತ್ತು. 0.4ರಲ್ಲಿ ಅರ್ಧ ಕೂದಲು ಬೆಳೆದಿತ್ತು. 0.45ರಲ್ಲಿ ಹುಬ್ಬು ಪೂರ್ತಿ ಕೂಡಿಕೊಂಡಿತ್ತು, ಜೊತೆಗೇ ಎರಡು ಕಣ್ಣೂ ಸಮ ಆಗಿದ್ದವು. ನಿಮಗೆ ಅಳತೆಕೋಲು ಅಜ್ಜನ ಎಡ ರೆಪ್ಪೆ. ಅದು ನೆಟ್ಟಗಾಗಲು ಶುರುವಾದ ಜಾಗದಿಂದ ಒಂದು ಮೆಟ್ಟಿಲು ಹಿಂದೆ ಬನ್ನಿ.

ಫೇಸ್ ರಿಸ್ಟೋರ್ ಆನ್ ಮಾಡಿ ಅಂತ ಇನ್ನೊಬ್ಬರು ಹೇಳಿದ್ದಾರೆ. ಬೇಡ. ಅದು ಮಸುಕಾದ ಫೋಟೊಗೆ ಮಾಡಿದ್ದು. ಚಿತ್ರದ ಮೇಲೆ ಓಡಿಸಿದರೆ ಕುಂಚದ ಗೆರೆ ಎಲ್ಲ ಒರೆಸಿ, ನಯವಾದ ಫೋಟೊ ಮುಖ ಒಂದನ್ನು ತಂದು ಅಂಟಿಸುತ್ತದೆ. ಹರಿದ ಫೋಟೊ ರಿಪೇರಿ ಬಗ್ಗೆ ಬರೆದವರಿಗೆ, ಅಣ್ಣ, ಅಕ್ಕ ಕೇಳಿದ್ದು ಅದಲ್ಲ. ನಿಮ್ಮ ಫೋಟೊಗೆ ಆ ರಿಸ್ಟೋರ್ ಉಪಯೋಗಕ್ಕೆ ಬರಬಹುದು, ಆದರೆ ಅಲ್ಲೂ ಕಣ್ಣನ್ನು ಮೂಲದ ಜೊತೆ ಹೋಲಿಸಿ ನೋಡಿ. ಮಗಳ ಕನ್ನಡಕ ಸೊಟ್ಟ ಬರುತ್ತದೆ ಅಂದ ಅಕ್ಕನಿಗೂ ಇದೇ ದಾರಿ: ಕನ್ನಡಕದ ಜಾಗಕ್ಕೆ ಮೂಲ ಫೋಟೊವನ್ನು 70ರಷ್ಟು Opacityಯಲ್ಲಿ ತಂದು 0.25ರಲ್ಲಿ ಓಡಿಸಿ.

ಇನ್ನು ತಲೆಯ ಮಂಡೆತುಣಿ. ಮಾಡೆಲ್‌ಗೆ ನಮ್ಮ ಮಂಡೆತುಣಿ ಗೊತ್ತಿಲ್ಲ. turban ಅಂದ ಕೂಡಲೇ ರಾಜಸ್ಥಾನದ ಪಗಡಿ ಬರೆಯುತ್ತದೆ, ನೆತ್ತಿಯ ಮೇಲಿನ ಚಪ್ಪಟೆ ಆಕಾರ ಹೋಗಿಬಿಡುತ್ತದೆ. ನಿಮ್ಮ ಚಿತ್ರದಲ್ಲಿ ಅಜ್ಜನನ್ನು ಬೇರೆ ಊರಿನವರ ಹಾಗೆ ಕಾಣಿಸಿದ್ದರಲ್ಲಿ ಇದಕ್ಕೂ ಪಾಲಿದೆ. ಮುಖಕ್ಕೆ ಮಾಡಿದ್ದನ್ನೇ ತಲೆಗೂ ಮಾಡಿ. ಸೊಂಟದ ತನಕ ಚಿತ್ರ ಬೇಕು, ಚೇಲೆ, ಪೀಚೆಕತ್ತಿ ಎಲ್ಲ ಕಾಣಬೇಕು ಅಂದರೆ ಆ ಕತ್ತಿಯ ಹಿಡಿಯನ್ನೂ ಬೇರೆಯಾಗಿ ಮಾಸ್ಕ್ ಮಾಡಬೇಕು. ಬೆಳ್ಳಿಯ ಕೆಲಸ ಮೊದಲ ಸುತ್ತಿನಲ್ಲೇ ಕರಗಿದ ಮೇಣದ ಹಾಗೆ ಆಗಿರುತ್ತದೆ. ಅಜ್ಜಿಯದ್ದೂ ಮಾಡುವ ಯೋಚನೆ ಇದ್ದರೆ ಸೀರೆ ನೋಡಿಕೊಳ್ಳಿ, ನೆರಿಗೆಯನ್ನು ಹಿಂದಿನಿಂದ ತೆಗೆದು ಮುಂದಕ್ಕೆ ತಂದು ಹಾಕುತ್ತದೆ.

ಇಷ್ಟೆಲ್ಲ ಆದ ಮೇಲೂ "ಹತ್ತಿರ ಇದೆ, ಆದರೆ ಅವರಲ್ಲ" ಅನ್ನಿಸಿದರೆ ಸಾಮಾನ್ಯವಾಗಿ ತಪ್ಪು ಗೆರೆಯಲ್ಲಿ ಇರುವುದಿಲ್ಲ, ನೆರಳಿನಲ್ಲಿ ಇರುತ್ತದೆ. ಕಣ್ಣಿನ ಗುಳಿ, ಕೆನ್ನೆಯ ಕೆಳಗಿನ ಕತ್ತಲು ತೆಳುವಾಗಿರುತ್ತದೆ. ಮೂಲ ಫೋಟೊದ ಮುಖವನ್ನು ಮತ್ತೆ ಮೇಲಿಟ್ಟು, ಚರ್ಮದ ರಂಧ್ರ ಕಾಣದಷ್ಟು ಮಸುಕು ಮಾಡಿ, ಲೇಯರ್ ಮೋಡ್ LCh Lightness, Opacity 30 ಇಡಿ. ಬಣ್ಣ ಚಿತ್ರದ್ದೇ ಉಳಿದು ನೆರಳು ಮಾತ್ರ ಅಜ್ಜನದ್ದು ಬರುತ್ತದೆ. ಮೇಲಿನ ಲೇಯರ್ ಆನ್ ಆಫ್ ಮಾಡುತ್ತಾ ನೋಡಿ, ಎಲ್ಲಿ ಹಾರುತ್ತದೋ ಅಲ್ಲಿ ತಪ್ಪಿದೆ. ಅದೇ ಮುಖವನ್ನು ಎರಡು ಗಂಟೆ ನೋಡಿದ ಮೇಲೆ ನಮ್ಮ ಕಣ್ಣು ಏನನ್ನೂ ಒಪ್ಪಿಕೊಳ್ಳುತ್ತದೆ, ಆದ್ದರಿಂದ ಬೆಳಿಗ್ಗೆ ಮೊದಲು ಅಜ್ಜಿಗೇ ತೋರಿಸಿ, ಏನೂ ಹೇಳದೆ.

ಇನ್‌ಸ್ಟಂಟ್‌ಐಡಿ ಹಾಕಿದರೆ ಇದ್ಯಾವುದೂ ಬೇಡ ಅಂತ ಇಲ್ಲಿ ವಾದ ನಡೆದಿದೆ. ಅದು ಫೋಟೊದಿಂದ ಮುಖದ ಗುರುತನ್ನೇ ತೆಗೆದುಕೊಂಡು ಹೊಸದಾಗಿ ಬರೆಯುತ್ತದೆ. ಬೇರೆ ಭಂಗಿಯಲ್ಲಿ ಚಿತ್ರ ಬೇಕಾದವರಿಗೆ ಒಳ್ಳೆಯದು. ದೊಡ್ಡಪ್ಪನ ಮೇಲೆ ನಾನು ನೋಡಿದಾಗ ಮುಖದ ಅಳತೆ ಸರಿ ಬಂತು, ಹುಬ್ಬಿನ ಕಲೆ ಬರಲಿಲ್ಲ, ಸುಕ್ಕು ಕಡಿಮೆಯಾಯಿತು. ಯುವಕರ ಮುಖಕ್ಕೆ ಚೆನ್ನಾಗಿ ಬರುತ್ತದೆ ಅನ್ನುವವರೂ ಇದ್ದಾರೆ, ಇರಬಹುದು. ದುಡ್ಡಿಗೆ ಮಾಡಿಕೊಡುವವರು ಮಾತ್ರ ಗಮನಿಸಿ, ಅದು ಬಳಸುವ ಇನ್‌ಸೈಟ್‌ಫೇಸ್ ಮಾಡೆಲ್‌ಗಳ ಲೈಸೆನ್ಸ್ ವ್ಯಾಪಾರಕ್ಕೆ ಬಿಡುವುದಿಲ್ಲ.

ತಮ್ಮನ ಕಾಮಿಕ್‌ಗೆ ಬೇರೆ ಲೆಕ್ಕ. ಎಣ್ಣೆ ಚಿತ್ರದಲ್ಲಿ ಸಾವಿರ ಕುಂಚದ ಗೆರೆ ಇರುತ್ತದೆ, ಒಂದು ತಪ್ಪಿದರೂ ನಡೆಯುತ್ತದೆ. ಕಾಮಿಕ್‌ನಲ್ಲಿ ಮುಖಕ್ಕೆ ಇರುವುದೇ ಇಪ್ಪತ್ತು ಗೆರೆ. ಅನಿಮೆ ಮಾಡೆಲ್ ತೆಗೆದುಕೊಂಡರೆ ಕಣ್ಣು ಹಿಗ್ಗಿ ಮೂಗು ಮಾಯವಾಗುತ್ತದೆ, ಅಲ್ಲಿಗೆ ಗುರುತು ಹೋಯಿತು. ಒಂದು ಕಡೆಯಿಂದ ಬೆಳಕು ಬಿದ್ದ ಫೋಟೊ ಹುಡುಕಿ, ಕಿಟಕಿ ಪಕ್ಕ ಕೂತದ್ದಾದರೆ ಸಾಕು. ಗಿಂಪ್‌ನಲ್ಲಿ Median Blur ಹಾಕಿ, ಆಮೇಲೆ Posterize ನಾಲ್ಕು. ಮೂಗಿನ ಪಕ್ಕ, ದವಡೆಯ ಕೆಳಗೆ ನೆರಳು ದೊಡ್ಡ ತುಂಡುಗಳಾಗಿ ನಿಲ್ಲುತ್ತದೆ. ಬರೀ ಆ ತುಂಡುಗಳನ್ನು ನೋಡಿದರೇ ಯಾರು ಅಂತ ಗೊತ್ತಾಗಬೇಕು. ಗೊತ್ತಾಗದಿದ್ದರೆ ಆ ಫೋಟೊ ಬಿಟ್ಟು ಬೇರೆ ತೆಗೆಯಿರಿ. ಗೊತ್ತಾದರೆ ಅದನ್ನೇ img2imgಗೆ ಕೊಟ್ಟು lineart ಜೊತೆ 0.4ರಲ್ಲಿ ಓಡಿಸಿ, ಬಂದ ಮೇಲೆ ಮುಖದ ಮೇಲಿನ ಬೇಡದ ಗೆರೆ ಅಳಿಸಿ. ತಮ್ಮನ ವಯಸ್ಸಿಗೆ ಬಾಯಿಯ ಪಕ್ಕದ ಒಂದು ಗೆರೆ ಉಳಿದರೂ ಹತ್ತು ವರ್ಷ ಜಾಸ್ತಿ ಕಾಣುತ್ತದೆ. ಅಜ್ಜನದ್ದಾದರೆ ಅದೇ ಗೆರೆ ಬೇಕೇ ಬೇಕು.

ನೀವು ಇಲ್ಲಿ ಹಾಕಿದ ಫೋಟೊ ವಾಟ್ಸಾಪ್‌ನಲ್ಲಿ ಬಂದದ್ದು ಅನ್ನಿಸುತ್ತದೆ, ಕಣ್ಣಿನ ಹತ್ತಿರ ಚೌಕ ಚೌಕ ಕಾಣುತ್ತಿದೆ. ತೆಗೆದವರ ಮೊಬೈಲ್‌ನಿಂದ ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ತರಿಸಿಕೊಂಡು ಅದರಿಂದ ಶುರು ಮಾಡಿ. ಐದು ಚಿತ್ರದ ಸಾಲು ತೆಗೆದ ಮೇಲೆ ಇಲ್ಲೇ ಹಾಕಿ, ರೆಪ್ಪೆ ನೋಡಿ ಯಾವುದು ಅಂತ ಹೇಳುತ್ತೇನೆ.