ಲಾಕ್-ಇನ್ ಮುಗಿಯೋ ಮುಂಚೆ ಮನೆ ಬಿಟ್ಟರೆ ಎಷ್ಟು ತಿಂಗಳ ಬಾಡಿಗೆ?

ಪ್ರಶ್ನೆ: ಕರಾರಿನಲ್ಲಿ ಹೀಗಿದೆ: “ಮೊದಲ 6 ತಿಂಗಳು ಲಾಕ್-ಇನ್ ಅವಧಿಯಾಗಿದ್ದು, ಈ ಅವಧಿಯೊಳಗೆ ಬಾಡಿಗೆದಾರರು ಮನೆ ಖಾಲಿ ಮಾಡಿದಲ್ಲಿ ಉಳಿದ ಅವಧಿಯ ಬಾಡಿಗೆಯನ್ನು ಪಾವತಿಸತಕ್ಕದ್ದು. ತದನಂತರ ಉಭಯ ಪಕ್ಷಗಳಲ್ಲಿ ಯಾರೇ ಆಗಲಿ 1 ತಿಂಗಳ ಲಿಖಿತ ನೋಟಿಸ್ ನೀಡಿ ಕರಾರನ್ನು ಕೊನೆಗೊಳಿಸಬಹುದು.” ನಾನು 4ನೇ ತಿಂಗಳ ಕೊನೆಗೆ ಬಿಡಬೇಕು. ಓನರ್ 3 ತಿಂಗಳದ್ದು ಕೇಳ್ತಿದ್ದಾರೆ. ಕೊಡಲೇಬೇಕಾ?

ನಾನು ವಕೀಲನಲ್ಲ. ಬಾಡಿಗೆ ಕರಾರು ಟೈಪ್ ಮಾಡಿಕೊಡುವ ಕೆಲಸ ನನ್ನದು, ಇಂಥ ಸಾಲುಗಳನ್ನು ದಿನಾ ನೋಡುತ್ತೇನೆ. ಹಾಗಾಗಿ ಈ ಸಾಲು ಏನು ಹೇಳುತ್ತದೆ ಅನ್ನೋದನ್ನು ಹೇಳಬಲ್ಲೆ. “ಕೊಡಲೇಬೇಕಾ” ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಆಮೇಲೆ ಬರುತ್ತೇನೆ.

ಓನರ್ ಹೇಳೋ 3 ಎಲ್ಲಿಂದ ಬಂತು ನೋಡಿ. 4 ತಿಂಗಳು ಇದ್ದೀರಿ, 6ಕ್ಕೆ ಇನ್ನು 2 ಬಾಕಿ. ಅದರ ಮೇಲೆ ನೋಟಿಸ್ ಅಂತ 1 ತಿಂಗಳು ಸೇರಿಸಿರಬೇಕು. ಆದರೆ ನೀವು ಹಾಕಿರುವ ಸಾಲಿನಲ್ಲಿ ನೋಟಿಸಿನ ಮಾತು “ತದನಂತರ” ಅನ್ನೋ ಪದದಿಂದ ಶುರುವಾಗುತ್ತದೆ. ಅಂದರೆ 6 ತಿಂಗಳು ಕಳೆದ ಮೇಲಿನ ಕಥೆ ಅದು. 6ರ ಒಳಗೆ ಬಿಟ್ಟರೆ ಏನು ಅನ್ನೋದಕ್ಕೆ ಮೊದಲ ವಾಕ್ಯ ಒಂದೇ ಉತ್ತರ ಕೊಡುತ್ತದೆ, ಉಳಿದ ಅವಧಿಯ ಬಾಡಿಗೆ. ಎರಡನ್ನೂ ಕೂಡಿಸಿ ಅಂತ ಇಲ್ಲಿ ಬರೆದಿಲ್ಲ. ಬರೀ ಈ ಸಾಲಿನ ಪ್ರಕಾರ ಲೆಕ್ಕ 2 ತಿಂಗಳು.

ಆ 2 ಕೂಡ ತಾರೀಖಿನ ಮೇಲೆ ನಿಂತಿದೆ. “ಮೊದಲ 6 ತಿಂಗಳು” ಯಾವತ್ತಿಂದ? ಸಹಿ ಹಾಕಿದ ದಿನವೋ, ಬೀಗದ ಕೈ ಸಿಕ್ಕ ದಿನವೋ, ಬಾಡಿಗೆ ಶುರುವಾದ ದಿನವೋ? 20ಕ್ಕೆ ಸಹಿ ಹಾಕಿ ಮುಂದಿನ 1ರಿಂದ ಬಾಡಿಗೆ ಅಂತಿದ್ದರೆ ಹತ್ತು ದಿನ ಅತ್ತಿತ್ತ ಆಗುತ್ತದೆ. ಅದು ಸಾಮಾನ್ಯವಾಗಿ ಮೊದಲ ಪುಟದಲ್ಲಿ ಇರುತ್ತದೆ, ಹುಡುಕಿ.

“ತದನಂತರ” ಇನ್ನೊಂದು ತೊಡಕನ್ನೂ ಇಟ್ಟುಕೊಂಡಿದೆ. 5ನೇ ತಿಂಗಳ ಕೊನೆಗೆ ನೋಟಿಸ್ ಕೊಟ್ಟು 6 ಮುಗಿದ ದಿನವೇ ಹೊರಡಬಹುದಾ, ಇಲ್ಲ 6 ಮುಗಿದ ಮೇಲೇನೇ ನೋಟಿಸ್ ಕೊಟ್ಟು 7ರ ಕೊನೆಗೆ ಹೊರಡಬೇಕಾ? ಎರಡೂ ಥರ ಓದಬಹುದು. ಟೈಪ್ ಮಾಡುವವರು ಹಳೇ ಫೈಲಿನಿಂದ ಎತ್ತಿ ಹಾಕುವಾಗ ಇದನ್ನು ಯಾರೂ ಯೋಚಿಸಿರೋದಿಲ್ಲ (ನಾನೂ ಸೇರಿ). 4ಕ್ಕೇ ಹೋಗೋರಿಗೆ ಇದು ಅಡ್ಡ ಬರೋದಿಲ್ಲ, ಆದರೆ ಮನಸ್ಸು ಬದಲಾಯಿಸಿ 6ರವರೆಗೆ ಇದ್ದರೆ ಬರುತ್ತದೆ.

ಇನ್ನು “ಕೊಡಲೇಬೇಕಾ”. ಕಾಗದದಲ್ಲಿ ಏನಿದೆ ಅನ್ನೋದು ಒಂದು, ಅದು ನಿಮ್ಮ ಮೇಲೆ ಎಷ್ಟು ನಡೆಯುತ್ತದೆ ಅನ್ನೋದು ಇನ್ನೊಂದು. ನೀವು ಬಿಟ್ಟ ವಾರಕ್ಕೇ ಓನರ್ ಬೇರೆಯವರಿಗೆ ಮನೆ ಕೊಟ್ಟರೆ ಆಗಲೂ ಪೂರ್ತಿ 2 ತಿಂಗಳು ಕೇಳಬಹುದಾ? ಕೆಲವು ಕಡೆಯ ಕಾನೂನು ಓನರಿಗೆ ನಿಜವಾಗಿ ಆದ ನಷ್ಟ ಎಷ್ಟು ಅಂತ ನೋಡುತ್ತದೆ, ಕೆಲವು ಕಡೆ ಕರಾರಿನ ಮಾತಿಗೇ ಜಾಸ್ತಿ ತೂಕ. ಮನೆ ಎಲ್ಲಿದೆ, ಕರಾರು ಹೇಗೆ ಆಗಿದೆ, ನೀವಿಬ್ಬರೂ ಏನೇನು ಮೆಸೇಜ್ ಮಾಡಿಕೊಂಡಿದ್ದೀರಿ, ಇದೆಲ್ಲ ನೋಡದೆ ಹೇಳುವ ಉತ್ತರ ಸುಮ್ನೆ ಊಹೆ. ಅದರ ಮೇಲೆ ದುಡ್ಡು ಕೊಡಬೇಡಿ, ತಡೆಹಿಡಿಯಲೂ ಬೇಡಿ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಗೆಳೆಯನೊಬ್ಬ ಹೀಗೇ ಒಂದು ಸಾಲಿನ ಫೋಟೋ ಕಳಿಸಿ ಕೇಳಿದ. ನಾನು ಅರ್ಥ ಹೇಳಿ ಅಲ್ಲಿಗೇ ನಿಲ್ಲಿಸಬೇಕಿತ್ತು. “ಅಡ್ವಾನ್ಸ್ ಇದೆಯಲ್ಲ, ಕೊನೇ 2 ತಿಂಗಳು ಬಾಡಿಗೆ ಕಟ್ಟಬೇಡ, ಅದರಲ್ಲೇ ಹಿಡ್ಕೊಳ್ಳಲಿ” ಅಂದುಬಿಟ್ಟೆ. ಮೂರನೇ ಪುಟದಲ್ಲಿ, ಅಡ್ವಾನ್ಸನ್ನು ಬಾಡಿಗೆಗೆ ವಜಾ ಮಾಡುವಂತಿಲ್ಲ, ಬಾಡಿಗೆ ತಡವಾದರೆ ದಿನಕ್ಕೆ ಇಷ್ಟು ದಂಡ ಅಂತ ಇತ್ತು. ಆ ಪುಟ ನಾನು ನೋಡೇ ಇರಲಿಲ್ಲ. ಸಾಲಿನ ಅರ್ಥ ನಾನು ಹೇಳಿದ್ದು ಸರಿ ಇತ್ತು, ಅವನು ದಂಡ ಕಟ್ಟಿದ್ದು ಮಾತ್ರ ನನ್ನ ಸಲಹೆಯಿಂದ.

ನೀವೂ ಒಂದೇ ಸಾಲು ಹಾಕಿದ್ದೀರಿ, ಅಲ್ವಾ? ಅಡ್ವಾನ್ಸಿನ ಸಾಲು, ದಂಡದ ಸಾಲು ಮತ್ತು ನೋಟಿಸ್ ಅಂತ ಬೇರೆಡೆ ಎಲ್ಲಾದರೂ ಬಂದಿದೆಯಾ, ಇಷ್ಟನ್ನು ಮೊದಲು ಓದಿ. ಬೇರೆ ಕಡೆ “ಯಾವಾಗ ಬಿಟ್ಟರೂ 1 ತಿಂಗಳ ನೋಟಿಸ್ ಕಡ್ಡಾಯ” ಅಂತಿದ್ದರೆ ನಾನು ಮೇಲೆ ಹೇಳಿದ 2ರ ಲೆಕ್ಕವೇ ಅಲ್ಲಾಡುತ್ತದೆ, ಓನರ್ ಹೇಳೋದಕ್ಕೂ ಒಂದು ಆಧಾರ ಸಿಗುತ್ತದೆ. ಅಂಥದ್ದೇನೂ ಇಲ್ಲದಿದ್ದರೆ “ಆ ಮೂರನೇ ತಿಂಗಳು ಯಾವ ಸಾಲಿನ ಪ್ರಕಾರ?” ಅಂತ ಓನರನ್ನೇ ಮೆಸೇಜಿನಲ್ಲಿ ಕೇಳಿ. ಕೇಳೋದಕ್ಕೆ ವಕೀಲರು ಬೇಡ. ಉತ್ತರ ಒಪ್ಪಿಗೆ ಆಗದಿದ್ದರೆ ಕರಾರಿನ ಎಲ್ಲ ಪುಟ, ಬಾಡಿಗೆ ಕಟ್ಟಿದ ದಾಖಲೆ, ಆ ಮೆಸೇಜುಗಳನ್ನು ಹಿಡಿದು ನಿಮ್ಮ ಕಡೆಯ ವಕೀಲರ ಹತ್ತಿರ ಹೋಗಿ. ಉಳಿದ 2 ತಿಂಗಳದ್ದು ಪೂರ್ತಿ ಕೊಡಬೇಕಾ ಅನ್ನೋ ಪ್ರಶ್ನೆ ಅಲ್ಲಿ ಕೇಳಿ.