ಒಂದೇ ಕುರ್ತಿ, ಮೂರು ಫೋಟೋ: ಯಾವ ಮಾತಿಗೆ ಯಾವುದು ಸಾಕ್ಷಿ?

ಪ್ರಶ್ನೆ: ಗುಳೇದಗುಡ್ಡದ ಖಣದಲ್ಲಿ ಕುರ್ತಿ ಹೊಲಿಸಿ ಆನ್‌ಲೈನ್‌ನಲ್ಲಿ ಮಾರುತ್ತೇನೆ. ನೆಲದ ಮೇಲೆ ಹಾಸಿದ್ದು, ಮಾಡೆಲ್ ಹಾಕಿಕೊಂಡಿದ್ದು, ರಸ್ತೆಯಲ್ಲಿ ತೆಗೆದಿದ್ದು, ಹೀಗೆ ಮೂರು ಥರದ ಫೋಟೋ ಹಾಕಿದ್ದೆ. ಕೆಳಗೆ ‘ಸ್ಲಿಮ್ ಫಿಟ್, ಎ-ಲೈನ್, ಮಂಡಿ ಉದ್ದದ ಮರೂನ್ ಖಣದ ಕುರ್ತಿ’ ಅಂತ ಬರೆದಿದ್ದೆ. ಕೆಲವರು ‘ಫೋಟೋದಲ್ಲಿ ಇದ್ದ ಹಾಗಿಲ್ಲ’ ಅಂತ ವಾಪಸ್ ಕಳಿಸಿದರು. ಎಡಿಟಿಂಗ್ ಏನೂ ಮಾಡಿಲ್ಲ. ಅಳತೆ: ಎದೆ 40 ಇಂಚು, ಉದ್ದ 38, ಕೆಳಗಿನ ಸುತ್ತು 44. ಮಾಡೆಲ್ ಎತ್ತರ 5 ಅಡಿ 8 ಇಂಚು. ತಪ್ಪು ಯಾವ ಫೋಟೋದ್ದು? ಒಂದೇ ಇಟ್ಟುಕೊಳ್ಳಬೇಕು ಅಂದರೆ ಯಾವುದು?
— ಓದುಗರು, ಹುಬ್ಬಳ್ಳಿ

ಉತ್ತರ: ನೀವು ಕಳಿಸಿದ ಫೋಟೋಗಳನ್ನು ನೋಡಿದೆ. ಎಡವಟ್ಟು ಆಗಿರುವುದು ಫೋಟೋಗಳಿಗಿಂತ ಜಾಸ್ತಿ ಕೆಳಗಿನ ಸಾಲಿನಲ್ಲಿ. ಸ್ಲಿಮ್ ಫಿಟ್, ಎ-ಲೈನ್, ಮಂಡಿ ಉದ್ದ, ಮರೂನ್: ಈ ನಾಲ್ಕು ಮಾತುಗಳನ್ನೂ ನೀವು ಬಟ್ಟೆ ನೋಡಿ ಬರೆದಿಲ್ಲ, ಫೋಟೋ ನೋಡಿ ಬರೆದಿದ್ದೀರಿ. ಒಂದೊಂದು ಮಾತು ಒಂದೊಂದು ಫೋಟೋದಿಂದ ಬಂದಿದೆ. ಆ ಫೋಟೋ ಹೇಳಲಾರದ ವಿಷಯವನ್ನೇ ಅದರ ಬಾಯಿಂದ ಹೇಳಿಸಿದ ಹಾಗಾಗಿದೆ.

ಮೊದಲು ಎ-ಲೈನ್, ಅಂದರೆ ಕೆಳಗೆ ಹೋಗುತ್ತಾ ಅಗಲವಾಗುವ ಕಟ್, ತಗೊಳ್ಳೋಣ. ಇದು ಬಂದಿರುವುದು ಹಾಸಿ ತೆಗೆದ ಫೋಟೋದಿಂದ, ಅಂದರೆ ಫ್ಲಾಟ್ ಲೇಯಿಂದ. ನಿಮ್ಮದೇ ಅಳತೆ ಪ್ರಕಾರ, ಹಾಸಿದಾಗ ಎದೆ ಹತ್ತಿರ 20 ಇಂಚು ಅಗಲ, ಕೆಳ ಅಂಚು 22 ಇಂಚು. ಎರಡೇ ಇಂಚಿನ ವ್ಯತ್ಯಾಸ. ಅದು ಸ್ಟ್ರೇಟ್ ಕಟ್ ಕುರ್ತಿ, ಎ-ಲೈನ್ ಅಲ್ಲವೇ ಅಲ್ಲ. ಆದರೆ ಫೋಟೋದಲ್ಲಿ ಕೆಳಗೆ ಚೆನ್ನಾಗಿ ಘೇರು ಇರುವ ಹಾಗೆ ಕಾಣುತ್ತಿದೆ. ಯಾಕೆ ಅಂದರೆ, ತೆಗೆದವರು ಕುರ್ತಿಯ ಕಾಲ ಬುಡದಲ್ಲಿ ನಿಂತು, ಫೋನನ್ನು ಓರೆಯಾಗಿ ಕತ್ತಿನ ಕಡೆಗೆ ತಿರುಗಿಸಿ ತೆಗೆದಿದ್ದಾರೆ. ಹತ್ತಿರ ಇರುವುದು ದೊಡ್ಡದಾಗಿ, ದೂರ ಇರುವುದು ಚಿಕ್ಕದಾಗಿ ಕಾಣುತ್ತದಲ್ವಾ? ಲೆನ್ಸಿನಿಂದ ಕೆಳ ಅಂಚು 4 ಅಡಿ, ಎದೆ ಭಾಗ 5 ಅಡಿ ದೂರ ಇದೆ ಅಂದುಕೊಳ್ಳಿ. ಆಗ ಎದೆಯ 20 ಇಂಚಿನ ಪಕ್ಕದಲ್ಲಿ ಆ 22 ಇಂಚಿನ ಅಂಚು ಸುಮಾರು 27.5 ಇಂಚಿನಷ್ಟು ಅಗಲವಾಗಿ ಕಾಣುತ್ತದೆ. ಕತ್ತಿನ ಕಡೆ ನಿಂತು ತೆಗೆದಿದ್ದರೆ ಇದೇ ಕುರ್ತಿ ಕೆಳಗೆ ಬಿಗಿಯಾಗಿ ಕಾಣುತ್ತಿತ್ತು. ಆಗ ನೀವು ಇನ್ನೇನೋ ಬರೆಯುತ್ತಿದ್ದಿರಿ.

ಇದನ್ನು ಕಂಡುಹಿಡಿಯೋದು ಸುಲಭ. ನಿಮ್ಮ ಫೋಟೋದಲ್ಲಿ ನೆಲದ ಟೈಲ್ಸ್ ಗೆರೆಗಳನ್ನು ನೋಡಿ. ಮೇಲಕ್ಕೆ ಹೋಗುತ್ತಾ ಒಂದಕ್ಕೊಂದು ಹತ್ತಿರ ಬರುತ್ತಿವೆ. ಫೋನ್ ನೆಟ್ಟಗೆ ಮೇಲಿದ್ದಿದ್ದರೆ ಗೆರೆಗಳ ನಡುವಿನ ಅಂತರ ಕೊನೆವರೆಗೂ ಅಷ್ಟೇ ಇರುತ್ತಿತ್ತು. ಸರಿಯಾಗಿ ತೆಗೆಯಲು ಸ್ಟೂಲ್ ಮೇಲೆ ಹತ್ತಿ, ಕುರ್ತಿಯ ಹೊಟ್ಟೆ ಭಾಗದ ನೇರ ಮೇಲಕ್ಕೆ ಫೋನ್ ಹಿಡಿಯಿರಿ. ಕೆಲವು ಫೋನ್‌ಗಳಲ್ಲಿ ಗ್ರಿಡ್ ಅಥವಾ ಲೆವೆಲ್ ಆನ್ ಮಾಡಿ ಕೆಳಮುಖ ಹಿಡಿದರೆ ಎರಡು ಪ್ಲಸ್ ಗುರುತು ಬರುತ್ತವೆ. ಅವೆರಡೂ ಒಂದರ ಮೇಲೊಂದು ಕೂತಾಗ ಕ್ಲಿಕ್ ಮಾಡಿ. ವೈಡ್ ಲೆನ್ಸ್ ಬೇಡ, ಅದು ಅಂಚುಗಳನ್ನು ಎಳೆಯುತ್ತದೆ. ಸ್ವಲ್ಪ ಎತ್ತರದಿಂದ 2x ಇಟ್ಟು ತೆಗೆಯಿರಿ.

ನೆಟ್ಟಗೆ ತೆಗೆದ ಫ್ಲಾಟ್ ಲೇ ಬಟ್ಟೆಯನ್ನು ದರ್ಜಿಯ ಕಣ್ಣಲ್ಲಿ ತೋರಿಸುತ್ತದೆ. ಕಾಲರ್ ಎಂಥದ್ದು, ಗುಂಡಿ ಪಟ್ಟಿ ಎಲ್ಲಿವರೆಗೆ, ಸೈಡ್ ಸ್ಲಿಟ್ ಎಲ್ಲಿಂದ ಶುರು, ಎರಡು ತುಂಡು ಕೂಡಿಸಿದ ಕಡೆ ಖಣದ ಬುಟ್ಟಾ ಸಾಲು ಹೊಂದಿದೆಯೋ ಇಲ್ಲವೋ, ಇವೆಲ್ಲ ಅಲ್ಲಿ ಕಾಣುತ್ತವೆ. ಅಲ್ಲಿ ಮೈ ಅನ್ನೋದೇ ಇಲ್ಲ. ಹಾಗಾಗಿ ಫಿಟ್ ಬಗ್ಗೆ, ಬಟ್ಟೆ ಬೀಳುವ ರೀತಿ ಬಗ್ಗೆ ಆ ಫೋಟೋ ನೋಡಿ ಒಂದು ಮಾತೂ ಬರೆಯಬಾರದು. ಎಷ್ಟೋ ಕ್ಯಾಟಲಾಗ್‌ಗಳಲ್ಲಿ ಹಾಸಿದ ಬಟ್ಟೆಯ ಕೆಳಗೆ ‘ಮೆತ್ತಗೆ ಇಳಿಬೀಳುವ’ ಅಂತ ಬರೆದಿರುತ್ತಾರೆ. ನೆಲದ ಮೇಲೆ ಮಲಗಿರುವ ಬಟ್ಟೆ ಎಲ್ಲಿಗೆ ಇಳಿಯುತ್ತದೆ?

ಇನ್ನು ಮಾಡೆಲ್ ಫೋಟೋ. ಸ್ಲಿಮ್ ಫಿಟ್, ಮಂಡಿ ಉದ್ದ ಎರಡೂ ಇಲ್ಲಿಂದಲೇ ಬಂದಿವೆ. ಎದೆ 40 ಇಂಚಿನ ಕುರ್ತಿ ಆ ತೆಳ್ಳಗಿನ ಹುಡುಗಿಗೆ ಅಷ್ಟು ಅಂಟಿಕೊಂಡು ಕೂರಲು ಸಾಧ್ಯವೇ ಇಲ್ಲ. ಬೆನ್ನ ಹಿಂದೆ ಕ್ಲಿಪ್ ಹಾಕಿ ಬಿಗಿದಿದ್ದಾರೆ, ಅಲ್ವಾ? ಸ್ಟುಡಿಯೋಗಳಲ್ಲಿ ಇದು ದಿನನಿತ್ಯದ ಅಭ್ಯಾಸ. ಕ್ಲಿಪ್ ಕಾಣದಿದ್ದರೂ ಬಟ್ಟೆ ಹೇಳಿಬಿಡುತ್ತದೆ. ಪಕ್ಕದ ಹೊಲಿಗೆ ಕಂಕುಳಿಂದ ನೇರ ಕೆಳಗೆ ಬರದೆ ಸೊಂಟದ ಹತ್ತಿರ ಹಿಂದಕ್ಕೆ ಸರಿಯುತ್ತದೆ. ಸೊಂಟದಿಂದ ಪಕ್ಕಕ್ಕೆ ಅಡ್ಡ ಗೆರೆಗಳು ಏಳುತ್ತವೆ. ಖಣದಲ್ಲಂತೂ ಮುಚ್ಚಿಡೋಕೆ ಆಗಲ್ಲ. ಬುಟ್ಟಾಗಳು ಉದ್ದಕ್ಕೆ ಸಾಲು ಸಾಲಾಗಿ ಇರುತ್ತವಲ್ಲ, ಆ ಸಾಲುಗಳು ನಡುವಿನಲ್ಲಿ ಪಕ್ಕಕ್ಕೆ ವಾಲುತ್ತವೆ. ನಿಮ್ಮ ಎರಡನೇ ಫೋಟೋದಲ್ಲಿ ಎಡಗಡೆಯ ಕೊನೆಯ ಮೂರು ಸಾಲು ನೋಡಿ, ಬಿಲ್ಲಿನ ಹಾಗೆ ಬಾಗಿವೆ.

ಉದ್ದದ ವಿಷಯ ಬೇರೆ. ಅಲ್ಲಿ ಯಾರೂ ಏನೂ ಬಿಗಿದಿಲ್ಲ. ಭುಜದಿಂದ 38 ಇಂಚಿನ ಕುರ್ತಿ 5 ಅಡಿ 8 ಇಂಚಿನವರಿಗೆ ಹೆಚ್ಚು ಕಡಿಮೆ ಮಂಡಿಯ ಹತ್ತಿರ ನಿಲ್ಲುತ್ತದೆ. ಅದೇ ಕುರ್ತಿ 5 ಅಡಿ 2 ಇಂಚಿನವರಿಗೆ ಮಂಡಿ ದಾಟಿ ಮೂರು ನಾಲ್ಕು ಇಂಚು ಕೆಳಗೆ ಬರುತ್ತದೆ. ಅಂದರೆ ಮಂಡಿ ಉದ್ದ ಅನ್ನೋದು ಕುರ್ತಿಯ ಗುಣ ಅಲ್ಲ, ಕುರ್ತಿಗೂ ಆ ಮಾಡೆಲ್‌ಗೂ ಇರುವ ಸಂಬಂಧ. ತೋಳಿನ ಉದ್ದವೂ ಹಾಗೇ. ಉದ್ದನೆಯ ಕೈಗೆ ಮುಕ್ಕಾಲು ತೋಳು ಆಗಿದ್ದು ಚಿಕ್ಕ ಕೈಗೆ ಮಣಿಕಟ್ಟಿನ ಹತ್ತಿರ ಬರಬಹುದು. ಮಾಡೆಲ್ ಫೋಟೋದಿಂದ ಏನನ್ನಾದರೂ ಬರೆಯುವುದಿದ್ದರೆ ಮಾಡೆಲ್ ಎತ್ತರ, ಎದೆ ಅಳತೆ, ಹಾಕಿದ ಸೈಜು ಮೂರನ್ನೂ ಪಕ್ಕದಲ್ಲೇ ಬರೆಯಿರಿ. ಆಗ ನೋಡುವವರು ತಮ್ಮ ಎತ್ತರಕ್ಕೆ ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಬಣ್ಣದ ಕಥೆ ಎಲ್ಲಕ್ಕಿಂತ ಸ್ವಾರಸ್ಯ. ನೀವು ಕಳಿಸಿದ ತುಂಡನ್ನು ಬಿಡಿಸಿ ನೋಡಿದೆ. ಉದ್ದಕ್ಕೆ ಹೋಗುವ ಹಾಸು ಕೆಂಪು ನೂಲು, ಅಡ್ಡಕ್ಕೆ ಹೋಗುವ ಹೊಕ್ಕು ಕಪ್ಪು ನೂಲು. ಅಂಗಡಿಯವರು ಇದನ್ನು ಡಬಲ್ ಶೇಡ್ ಅನ್ನುತ್ತಾರೆ. ಇಂಥ ಬಟ್ಟೆಗೆ ಒಂದೇ ಬಣ್ಣ ಅಂತ ಇರುವುದಿಲ್ಲ. ಬೆಳಕು ಯಾವ ಕಡೆಯಿಂದ ಬೀಳುತ್ತದೆ, ನಾವು ಯಾವ ಕಡೆಯಿಂದ ನೋಡುತ್ತೇವೆ ಅನ್ನುವುದರ ಮೇಲೆ ಒಮ್ಮೆ ಕೆಂಪು ನೂಲು ಜಾಸ್ತಿ ಹೊಳೆಯುತ್ತದೆ, ಒಮ್ಮೆ ಮಸುಕಾಗಿ ಕಪ್ಪಿಗೆ ಜಾಗ ಬಿಡುತ್ತದೆ. ಹಾಸಿ ಮೇಲಿಂದ ತೆಗೆದಾಗ ಇಡೀ ಬಟ್ಟೆ ಕ್ಯಾಮೆರಾಗೆ ಒಂದೇ ಕೋನದಲ್ಲಿ ಇರುತ್ತದೆ. ಎರಡೂ ನೂಲು ಬೆರೆತು ಒಂದು ಸಮ ಮರೂನ್ ಕಾಣುತ್ತದೆ. ಫ್ಲ್ಯಾಶ್ ಹಾಕಿದರಂತೂ ನೇಯ್ಗೆಯೂ ಅಳಿಸಿಹೋಗಿ ಪ್ರಿಂಟ್ ಬಟ್ಟೆಯ ಥರ ಆಗುತ್ತದೆ. ಮೈಮೇಲೆ ಹಾಕಿದಾಗ ಎದೆಯ ಉಬ್ಬು, ತೋಳಿನ ಮಡಿಕೆ, ಸ್ಲಿಟ್ ಹತ್ತಿರದ ತಿರುವು ಒಂದೊಂದೂ ಬೇರೆ ಕೋನ. ಅಲ್ಲಿ ಕೆಂಪು, ಕಪ್ಪು ಬೇರೆ ಬೇರೆಯಾಗಿ ಏಳುತ್ತವೆ. ರಸ್ತೆಯ ಫೋಟೋದಲ್ಲಿ, ಸಂಜೆ ಬಿಸಿಲಲ್ಲಿ, ನಿಮ್ಮ ಕುರ್ತಿ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಸಂಜೆಯ ಬೆಳಕೇ ಹಳದಿ, ಅದು ಕೆಂಪನ್ನು ಆ ಕಡೆಗೆ ಎಳೆದಿದೆ. ಕಟ್ಟಡದ ನೆರಳಲ್ಲಿ ತೆಗೆದಿದ್ದರೆ ಸ್ವಲ್ಪ ನೀಲಿ ಛಾಯೆ ಬಂದಿರುತ್ತಿತ್ತು.

ಹಾಗಾದರೆ ಬಣ್ಣ ಏನಂತ ಬರೆಯೋದು? ನೂಲಿನ ಬಣ್ಣ ಬರೆಯಿರಿ. ‘ಕೆಂಪು ಹಾಸು, ಕಪ್ಪು ಹೊಕ್ಕು, ದೂರದಿಂದ ಮರೂನ್, ನಡೆಯುವಾಗ ಕೆಂಪು ಮಿನುಗುತ್ತದೆ.’ ಇದನ್ನು ಓದಿದವರು ಬಟ್ಟೆ ಬಿಚ್ಚಿ ನೋಡಿದಾಗ ‘ಮರೂನ್ ಅಂದಿದ್ರಿ’ ಅಂತ ಜಗಳಕ್ಕೆ ಬರುವುದಿಲ್ಲ. ಜೊತೆಗೆ ಕಿಟಕಿ ಪಕ್ಕ, ಟ್ಯೂಬ್‌ಲೈಟ್ ಆರಿಸಿ, ಬಟ್ಟೆಯ ಒಂದು ಮೂಲೆ ಮಡಚಿ ಹತ್ತಿರದಿಂದ ಒಂದು ಫೋಟೋ ತೆಗೆಯಿರಿ. ಪಕ್ಕದಿಂದ ಬರುವ ಬೆಳಕಿನಲ್ಲಿ ಬುಟ್ಟಾ ಎದ್ದು ಕಾಣುತ್ತದೆ, ಮಡಿಕೆಯಲ್ಲಿ ಎರಡನೇ ಬಣ್ಣವೂ ಬರುತ್ತದೆ. ಟ್ಯೂಬ್‌ಲೈಟ್ ಮತ್ತು ಬಿಸಿಲು ಎರಡೂ ಸೇರಿದರೆ ಯಾವ ಫೋನಿಗೂ ಬಣ್ಣ ಸರಿಯಾಗಿ ಸಿಗಲ್ಲ.

ರಸ್ತೆಯ ಫೋಟೋವನ್ನು ತೆಗೆದುಹಾಕಬೇಕಿಲ್ಲ. ಅದರ ಕೆಲಸವೇ ಬೇರೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ದಶಕಗಳ ಕಾಲ ರಸ್ತೆಯ ಉಡುಪಿನ ಫೋಟೋ ತೆಗೆದ ಬಿಲ್ ಕನಿಂಗ್‌ಹ್ಯಾಮ್ ಒಂದೇ ಥರದ ಉಡುಪನ್ನು ಬೇರೆ ಬೇರೆ ಜನ ಹೇಗೆ ಹಾಕಿಕೊಂಡಿದ್ದಾರೆ ಅಂತ ಒಂದೇ ಪುಟದಲ್ಲಿ ಜೋಡಿಸುತ್ತಿದ್ದರು. ಅಲ್ಲಿ ನೋಡುವವರು ಹೊಲಿಗೆ ನೋಡುವುದಿಲ್ಲ. ಯಾವುದರ ಜೊತೆ ಹಾಕಿದ್ದಾರೆ, ತೋಳು ಮಡಚಿದ್ದಾರಾ, ಯಾವ ಚಪ್ಪಲಿ, ಅದು ನೋಡುತ್ತಾರೆ. ಹಾಗಾಗಿ ವಿವರಣೆಯೂ ಬಟ್ಟೆಯಿಂದ ಹಾಕಿಕೊಂಡವರ ಕಡೆ, ಜಾಗದ ಕಡೆ ಜಾರುತ್ತದೆ: ‘ಜೀನ್ಸ್ ಮೇಲೂ ಆಗುತ್ತೆ’, ‘ಆಫೀಸಿಗೆ ಸರಿ’. ಅದನ್ನು ಬರೆಯಿರಿ, ತಪ್ಪಿಲ್ಲ. ಆದರೆ ಬ್ಯಾಗು, ದುಪಟ್ಟಾ, ಬೀಸುವ ಕೈ ಅಡ್ಡ ಬಂದು ಅರ್ಧ ಕುರ್ತಿ ಮುಚ್ಚಿರುತ್ತದೆ. ಅಳತೆ, ಕಟ್, ಬಣ್ಣದ ಮಾತು ಅಲ್ಲಿಂದ ಎತ್ತಬೇಡಿ.

ಆ ಫೋಟೋದಲ್ಲಿ ಬೇರೆಲ್ಲೂ ಸಿಗದ ಒಂದು ಮಾಹಿತಿ ಇದೆ. ಇಸ್ತ್ರಿ ಬಿಟ್ಟ ಮೇಲೆ ಬಟ್ಟೆ ಹೇಗಿರುತ್ತದೆ ಅನ್ನೋದು. ಬಸ್ಸಿನಲ್ಲಿ ಕೂತು ಎದ್ದು ಬಂದವರ ಫೋಟೋ ತೆಗೆಯಿರಿ. ಮಡಿಲ ಹತ್ತಿರ, ಮೊಣಕೈ ಒಳಗೆ ಎಷ್ಟು ಸುಕ್ಕು ಬಿದ್ದಿದೆ ಅಂತ ಕಾಣುತ್ತದೆ. ಕೊಳ್ಳುವವರು ಕೇಳುವುದೂ ಅದನ್ನೇ. ಪರಿಚಯ ಇಲ್ಲದವರನ್ನು ದೂರದಿಂದ ಸುಮ್ನೆ ಕ್ಲಿಕ್ಕಿಸಿ ಮಾರಾಟಕ್ಕೆ ಹಾಕಬೇಡಿ. ಕೇಳಿ, ಒಪ್ಪಿಗೆಯನ್ನು ಮೆಸೇಜಿನಲ್ಲಿ ಬರೆಸಿಕೊಂಡು ಬಳಸಿ.

ಈಗ ನಿಮ್ಮ ಸಾಲನ್ನು ಟೇಪು ಹಿಡಿದು ಹೀಗೆ ಬರೆಯಬಹುದು:

‘ಗುಳೇದಗುಡ್ಡ ಖಣದ ಸ್ಟ್ರೇಟ್ ಕಟ್ ಕುರ್ತಿ. ಕೆಂಪು ಹಾಸು, ಕಪ್ಪು ಹೊಕ್ಕು, ಡಬಲ್ ಶೇಡ್. ಕುರ್ತಿಯ ಎದೆ ಸುತ್ತಳತೆ 40 ಇಂಚು. ಮೈ ಅಳತೆ 36ರಿಂದ 38 ಇರುವವರಿಗೆ ಸಡಿಲವಾಗಿ ಕೂರುತ್ತದೆ. ಭುಜದಿಂದ ಉದ್ದ 38 ಇಂಚು. ಫೋಟೋದಲ್ಲಿರುವ ಮಾಡೆಲ್ 5 ಅಡಿ 8 ಇಂಚು, ಅವರಿಗೆ ಮಂಡಿವರೆಗೆ ಬರುತ್ತದೆ.’

ಕ್ಲಿಪ್ ತೆಗೆದು ಮಾಡೆಲ್ ಫೋಟೋವನ್ನು ಇನ್ನೊಮ್ಮೆ ತೆಗೆಸಿ, ಮುಂದಿನಿಂದ ಒಂದು, ಪಕ್ಕದಿಂದ ಒಂದು. ಒಂದೇ ಫೋಟೋ ಇಡಬೇಕು ಅಂದರೆ ನಾನಾದರೆ ಪಕ್ಕದಿಂದ ತೆಗೆದಿದ್ದನ್ನು ಇಡುತ್ತೇನೆ. ಸಡಿಲ ಎಷ್ಟಿದೆ, ಸ್ಲಿಟ್ ಎಲ್ಲಿವರೆಗೆ, ಎರಡನೇ ಬಣ್ಣ ಎಲ್ಲಿ ಏಳುತ್ತದೆ, ಮೂರೂ ಅದರಲ್ಲಿ ಸಿಗುತ್ತವೆ. ಜಾಗ ಇದ್ದರೆ ಎರಡನೆಯದಾಗಿ ನೆಟ್ಟಗೆ ತೆಗೆದ ಫ್ಲಾಟ್ ಲೇ ಹಾಕಿ, ಎದೆಯ ಮೇಲೆ ಟೇಪು ಇಟ್ಟೇ ತೆಗೆಯಿರಿ.