ಬರೆದವರ ಹೆಸರಿಲ್ಲ, ಬರೆಯದವರ ಹೆಸರಿದೆ

"ಹಣ ತಂದ ಮುಖ್ಯಸ್ಥರು ನಮ್ಮ ಸಂಶೋಧನಾ ಲೇಖನದ ಲೇಖಕರು. ಅಂಕಿಅಂಶ ವಿಶ್ಲೇಷಿಸಿ ಅರ್ಧ ಬರೆದುಕೊಟ್ಟವರ ಹೆಸರೇ ಇಲ್ಲ. ಇದು ಸರಿನಾ?"

ಸರಿಯಲ್ಲ, ಎರಡೂ ಕಡೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಸಮಿತಿ ಐಸಿಎಂಜೆಇ ಪ್ರಕಾರ ಲೇಖಕರಾಗಲು 4 ಷರತ್ತುಗಳೂ ಪೂರೈಸಬೇಕು: ಕೆಲಸದಲ್ಲಿ ಗಣನೀಯ ಪಾಲು, ಬರವಣಿಗೆ ಅಥವಾ ಗಂಭೀರ ತಿದ್ದುಪಡಿ, ಅಂತಿಮ ಕರಡಿಗೆ ಒಪ್ಪಿಗೆ, ಇಡೀ ಲೇಖನಕ್ಕೆ ಹೊಣೆ. ಬರೀ ಹಣ ತಂದವರಿಗೆ ಕೃತಜ್ಞತೆಯ ಸಾಲು ಸಾಕು.

ವಿಶ್ಲೇಷಕರಿಗೆ ಕರಡು ತೋರಿಸದೆ, "ಅವರು ಒಪ್ಪಿಗೆ ಕೊಟ್ಟಿಲ್ಲವಲ್ಲ" ಅಂತ ಕೈಬಿಡುವುದು ಹಳೇ ಆಟ. ಅದೂ ನಡೆಯದು. ಮೊದಲ ಷರತ್ತು ಪೂರೈಸಿದವರಿಗೆ ಉಳಿದವಕ್ಕೆ ಅವಕಾಶ ಕೊಡಲೇಬೇಕು.

ನಾಳೆ ಯಾರೋ ಕೋಷ್ಟಕದ ಒಂದು ಸಂಖ್ಯೆ ತಪ್ಪು ಅಂದರೆ? ಮುಖ್ಯಸ್ಥರಿಗೆ ಲೆಕ್ಕ ಗೊತ್ತಿಲ್ಲ. ಗೊತ್ತಿರುವವರನ್ನು ಓದುಗರು ಕೇಳುವಂತಿಲ್ಲ, ಅವರಿದ್ದಾರೆ ಅಂತಲೇ ತಿಳಿಯದು. ಲೇಖನ ಕಳಿಸುವ ಮುಂಚೆಯೇ ಯಾರು ಏನು ಮಾಡಿದರು ಅಂತ ಬರೆದು, ಎಲ್ಲರಿಗೂ ಇಮೇಲ್ ಮಾಡಿ.